ಮರಳುವ ದಾರಿ: ಎರಡು ಉಪಜಾಲಗಳ ನಡುವೆ ಸ್ಥಿರ ಮಾರ್ಗದ ಜೋಡಣೆ

ಶಾಲೆಯ ಕಟ್ಟಡಗಳು ಬೆಳೆದಂತೆಲ್ಲ ಅದರ ಕಂಪ್ಯೂಟರ್ ಜಾಲವೂ ಬೆಳೆಯುವುದು ಸಹಜ. ಮೊದಲು ಕಚೇರಿಯಲ್ಲಿ ಒಂದೇ ರೌಟರ್ ಇರುತ್ತದೆ. ಹೊರಗಿನ ಇಂಟರ್‌ನೆಟ್ ಸಂಪರ್ಕ ಅದರೊಳಗೆ ಬಂದು, ಅಲ್ಲಿಂದ ಗುಮಾಸ್ತರ ಕಂಪ್ಯೂಟರುಗಳಿಗೂ ಮುದ್ರಣಯಂತ್ರಕ್ಕೂ ಹಂಚಿಕೆಯಾಗುತ್ತದೆ. ತರುವಾಯ ಪ್ರಯೋಗಾಲಯವೊಂದು ಸಿದ್ಧವಾದಾಗ ಅಲ್ಲಿಗೆ ಎರಡನೆಯ ರೌಟರ್ ಬರುತ್ತದೆ. ವಿದ್ಯಾರ್ಥಿಗಳ ಕಂಪ್ಯೂಟರುಗಳು ಕಚೇರಿಯವುಗಳೊಡನೆ ಬೆರೆಯದಿರಲೆಂದು ಅದಕ್ಕೆ ಪ್ರತ್ಯೇಕ ಉಪಜಾಲವನ್ನು ಕೊಡಲಾಗುತ್ತದೆ. ಆಗ ತಲೆದೋರುವ ತೊಡಕು ಬಹುಮಟ್ಟಿಗೆ ಒಂದೇ ಬಗೆಯದು: ಪ್ರಯೋಗಾಲಯದಿಂದ ಕಚೇರಿಯ ಮುದ್ರಣಯಂತ್ರಕ್ಕೆ ಕಳುಹಿಸಿದ ಕಾಗದ ಅಚ್ಚಾಗದು, ತಂತಿ ಸರಿಯಾಗಿದೆ, ದೀಪಗಳು ಉರಿಯುತ್ತಿವೆ, ಆದರೂ ಉತ್ತರವಿಲ್ಲ. ಇದರ ಕಾರಣವನ್ನು ತಿಳಿದರೆ ಪರಿಹಾರವು ಒಂದೇ ಸಾಲಿನದಾಗಿದೆ.

ಉದಾಹರಣೆಗೆ ಒಂದು ಶಾಲೆಯ ಜಾಲವನ್ನು ಅಂಕಿಗಳೊಡನೆ ನೋಡಬಹುದು. ಕಚೇರಿಯ ಮುಖ್ಯ ರೌಟರಿನ ವಿಳಾಸ 192.168.1.1, ಮುದ್ರಣಯಂತ್ರದ್ದು 192.168.1.50. ಎರಡನೆಯ ರೌಟರಿಗೆ ಎರಡು ಮುಖಗಳು. ಕಚೇರಿಯ ಕಡೆಯ ಮುಖದ ವಿಳಾಸ 192.168.1.2, ಪ್ರಯೋಗಾಲಯದ ಕಡೆಯದು 192.168.2.1. ಪ್ರಯೋಗಾಲಯದಲ್ಲಿ ಪಾಠದ ಪುಟಗಳನ್ನಿರಿಸಿದ ಕಂಪ್ಯೂಟರಿನ ವಿಳಾಸ 192.168.2.30. ಎಲ್ಲಕ್ಕೂ ಉಪಜಾಲದ ಮುಸುಕು, ಅಂದರೆ ಮಾಸ್ಕ್, 255.255.255.0. ವಿಳಾಸದ ಮೊದಲ ಮೂರು ಭಾಗಗಳು ಬೀದಿಯ ಹೆಸರು, ಕೊನೆಯ ಭಾಗ ಮನೆಯ ಸಂಖ್ಯೆ ಎಂಬುದೇ ಈ ಮಾಸ್ಕಿನ ಅರ್ಥ. ಕಚೇರಿಯು 192.168.1 ಎಂಬ ಬೀದಿಯಲ್ಲಿದ್ದರೆ ಪ್ರಯೋಗಾಲಯವು 192.168.2 ಎಂಬ ಬೀದಿಯಲ್ಲಿದೆ. ಎರಡೂ ಬೀದಿಗಳಲ್ಲಿ ಒಂದೊಂದು ಕಾಲಿರಿಸಿ ನಿಂತಿರುವುದು ಎರಡನೆಯ ರೌಟರ್ ಮಾತ್ರ.

ಈಗ 192.168.2.30 ಎಂಬ ಕಂಪ್ಯೂಟರು ಮುದ್ರಣಯಂತ್ರಕ್ಕೆ ಒಂದು ಸಂದೇಶವನ್ನು ಕಳುಹಿಸಿತೆನ್ನೋಣ. ತಲುಪಬೇಕಾದ ವಿಳಾಸ ತನ್ನ ಬೀದಿಯದಲ್ಲವೆಂದು ಕಂಡು ಅದು ಸಂದೇಶವನ್ನು ತನ್ನ ರೌಟರಿಗೆ ಒಪ್ಪಿಸುತ್ತದೆ. ಆ ರೌಟರ್ ಕಚೇರಿಯ ಬೀದಿಗೆ ನೇರವಾಗಿ ಸೇರಿಕೊಂಡಿರುವುದರಿಂದ ಸಂದೇಶವು ಸುಲಭವಾಗಿ ಮುದ್ರಣಯಂತ್ರವನ್ನು ಮುಟ್ಟುತ್ತದೆ. ಹೋಗುವ ದಾರಿಯಲ್ಲಿ ಯಾವ ಲೋಪವೂ ಇಲ್ಲ. ಲೋಪವಿರುವುದು ಮರಳುವ ದಾರಿಯಲ್ಲಿ. ಮುದ್ರಣಯಂತ್ರವು 192.168.2.30ಕ್ಕೆ ಉತ್ತರ ಬರೆದು, ಅದು ಬೇರೆ ಬೀದಿಯದಾದ್ದರಿಂದ ಮುಖ್ಯ ರೌಟರಿಗೆ ಕೊಡುತ್ತದೆ. ಮುಖ್ಯ ರೌಟರಿಗೆ 192.168.2 ಎಂಬ ಬೀದಿಯ ಅರಿವೇ ಇಲ್ಲ. ತನಗೆ ತಿಳಿಯದುದನ್ನೆಲ್ಲ ಹೊರಗಿನ ಇಂಟರ್‌ನೆಟ್ಟಿನತ್ತ ಕಳುಹಿಸುವುದು ಅದರ ನಿಯಮ. ಆದರೆ 192.168 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆಂದು 1996ರಲ್ಲಿ ಪ್ರಕಟವಾದ ಆರ್.ಎಫ್.ಸಿ. 1918 ಎಂಬ ದಾಖಲೆಯಂತೆ ಕಾದಿರಿಸಲ್ಪಟ್ಟವು. ಹೊರಗಿನ ಜಾಲದಲ್ಲಿ ಅವುಗಳಿಗೆ ದಾರಿಯೇ ಇರದು. ಹೀಗಾಗಿ ಉತ್ತರವು ಅಲ್ಲಿಯೇ ಕಳೆದುಹೋಗುತ್ತದೆ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಅಂಗಡಿಯಿಂದ ತಂದ ಎರಡನೆಯ ರೌಟರನ್ನು ಹಾಗೆಯೇ ಜೋಡಿಸಿದಾಗ ಪ್ರಯೋಗಾಲಯದಿಂದ ಮುದ್ರಣವು ನಡೆಯುವುದುಂಟಲ್ಲ, ಅದು ಹೇಗೆ? ಅಂಥ ರೌಟರುಗಳಲ್ಲಿ ನ್ಯಾಟ್ ಎಂಬ ವಿಳಾಸ ಬದಲಾವಣೆಯ ಏರ್ಪಾಡು ಮೊದಲಿನಿಂದಲೇ ಚಾಲೂ ಇರುತ್ತದೆ. ಪ್ರಯೋಗಾಲಯದಿಂದ ಹೊರಟ ಪ್ರತಿಯೊಂದು ಸಂದೇಶದ ಮೇಲೂ ಆ ರೌಟರ್ ಕಳುಹಿಸಿದವರ ವಿಳಾಸವನ್ನು ಅಳಿಸಿ ತನ್ನದಾದ 192.168.1.2 ಎಂಬುದನ್ನು ಬರೆಯುತ್ತದೆ. ಮುದ್ರಣಯಂತ್ರವು ಉತ್ತರವನ್ನು ತನ್ನ ಬೀದಿಯವನೇ ಆದ ಆ ರೌಟರಿಗೆ ಕೊಡುತ್ತದೆ. ಕೇವಲ ಪ್ರಯೋಗಾಲಯದಿಂದ ಕಚೇರಿಗೆ ಹೋಗುವುದಷ್ಟೇ ಬೇಕಾದರೆ ಇಷ್ಟು ಸಾಕು. ಸ್ಥಿರ ಮಾರ್ಗದ ಅಗತ್ಯವಿಲ್ಲ. ಆದರೆ ಕಚೇರಿಯಲ್ಲಿ ಕುಳಿತ ಅಧ್ಯಾಪಕರು ಪ್ರಯೋಗಾಲಯದ ಪಾಠದ ಪುಟಗಳನ್ನು ತೆರೆಯಲಾರರು. ಮುದ್ರಣ ಕಳುಹಿಸಿದ್ದು ಯಾವ ಕಂಪ್ಯೂಟರೆಂಬುದೂ ತಿಳಿಯದು, ಎಲ್ಲವೂ 192.168.1.2 ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ. ಎರಡೂ ಕಡೆಯ ಸಂಚಾರ ಬೇಕಾದಲ್ಲಿ ಎರಡನೆಯ ರೌಟರಿನ ನ್ಯಾಟನ್ನು ನಿಲ್ಲಿಸಬೇಕು. ಅದನ್ನು ನಿಲ್ಲಿಸಿದ ಕ್ಷಣದಿಂದ ಮರಳುವ ದಾರಿಯನ್ನು ಮುಖ್ಯ ರೌಟರಿಗೆ ತಿಳಿಸುವುದು ಅನಿವಾರ್ಯವಾಗುತ್ತದೆ. ಕಡಮೆ ಬೆಲೆಯ ಹಲವು ರೌಟರುಗಳಲ್ಲಿ ನ್ಯಾಟ್ ನಿಲ್ಲಿಸುವ ಅವಕಾಶವಿರದು. ಕೊಳ್ಳುವ ಮೊದಲೇ ಇದನ್ನು ವಿಚಾರಿಸುವುದು ಲೇಸು.

ಜೋಡಣೆಯ ಕ್ರಮ ಹೀಗಿದೆ. ಮೊದಲು ಎರಡನೆಯ ರೌಟರಿನ ಒಳಮುಖಕ್ಕೆ 192.168.2.1 ಎಂಬ ವಿಳಾಸ ಕೊಡಬೇಕು. ಎರಡು ರೌಟರುಗಳೂ ಕಾರ್ಖಾನೆಯಿಂದ ಒಂದೇ ಬೀದಿಯ ವಿಳಾಸವನ್ನು ಹೊತ್ತು ಬಂದಿದ್ದರೆ ಮುಂದಿನ ಯಾವ ಕ್ರಮವೂ ಫಲಿಸದು. ಬಳಿಕ ಅದರ ಹೊರಮುಖಕ್ಕೆ 192.168.1.2 ಎಂಬುದನ್ನು ಕೈಯಾರೆ ಬರೆದು, ಅದರ ಗೇಟ್‌ವೇಯಾಗಿ 192.168.1.1 ಎಂದು ನಮೂದಿಸಬೇಕು. ಈ ವಿಳಾಸವು ಎಂದಿಗೂ ಬದಲಾಗಕೂಡದು. ಮುಖ್ಯ ರೌಟರ್ ತಾನಾಗಿ ಹಂಚುವ ವಿಳಾಸಗಳು 100ರಿಂದ 199ರವರೆಗೆ ಇರುವಂತೆ ಮಾಡಿದರೆ 2 ಎಂಬ ಸಂಖ್ಯೆ ಬೇರೊಂದು ಯಂತ್ರಕ್ಕೆ ಹೋಗದು. ಇದನ್ನು ಅಲಕ್ಷಿಸಿದ ಕಡೆ, ವಿದ್ಯುತ್ ಹೋಗಿ ಬಂದ ಬಳಿಕ ಎರಡನೆಯ ರೌಟರಿಗೆ ಹೊಸ ವಿಳಾಸ ದೊರೆತು, ನಿನ್ನೆಯವರೆಗೆ ನಡೆಯುತ್ತಿದ್ದ ಮುದ್ರಣ ಇಂದು ನಿಂತುಹೋಗುತ್ತದೆ. ಮೂರನೆಯದಾಗಿ ನ್ಯಾಟನ್ನು ನಿಲ್ಲಿಸಿ, ಕಚೇರಿಯ ಕಡೆಯಿಂದ ಬರುವ ಸಂದೇಶಗಳನ್ನು ಒಳಬಿಡುವಂತೆ ಅದರ ಫೈರ್‌ವಾಲಿಗೆ ಅಪ್ಪಣೆ ಕೊಡಬೇಕು.

ಕೊನೆಯದಾಗಿ ಮುಖ್ಯ ರೌಟರಿನ ಹೊಂದಾಣಿಕೆಯ ಪುಟದಲ್ಲಿ `Static Routing` ಎಂಬ ಭಾಗವನ್ನು ತೆರೆದು ಹೀಗೆ ತುಂಬಬೇಕು:

```
Destination : 192.168.2.0
Subnet Mask : 255.255.255.0
Gateway     : 192.168.1.2
Interface   : LAN
```

“ಎರಡನೆಯ ಬೀದಿಗೆ ಹೋಗಬೇಕಾದುದನ್ನೆಲ್ಲ 192.168.1.2ರ ಕೈಗೆ ಕೊಡು” ಎಂಬುದೇ ಈ ಸಾಲುಗಳ ತಾತ್ಪರ್ಯ. ಗೇಟ್‌ವೇ ಎಂಬಲ್ಲಿ 192.168.2.1 ಎಂದು ಬರೆಯುವುದು ಪದೇ ಪದೇ ಕಾಣುವ ತಪ್ಪು. ಅದು ಅದೇ ರೌಟರಿನ ವಿಳಾಸವೇ ಆದರೂ ಆಚೆಯ ಬೀದಿಯ ಬಾಗಿಲು. ಮುಖ್ಯ ರೌಟರಿಗೆ ಕಾಣುವುದು ಈಚೆಯ ಬಾಗಿಲು ಮಾತ್ರ. ಎರಡನೆಯ ರೌಟರಿನಲ್ಲಿ ಇಂಥ ನಮೂದು ಬೇಕಿಲ್ಲ. ಎರಡೂ ಬೀದಿಗಳು ಅದಕ್ಕೆ ನೇರವಾಗಿ ಪರಿಚಿತ.

ಕೆಲಸ ಸರಿಯಾಯಿತೇ ಎಂಬುದನ್ನು ಪ್ರಯೋಗಾಲಯದ ಕಂಪ್ಯೂಟರಿನಿಂದ ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಬೇಕು:

```
ping 192.168.1.2
ping 192.168.1.1
ping 192.168.1.50
```

ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ದೋಷವು ಎರಡನೆಯ ರೌಟರಿನಲ್ಲಿಯೇ ಇದೆ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಮುಖ್ಯ ರೌಟರಿಗೆ ಮರಳುವ ದಾರಿ ಇನ್ನೂ ತಿಳಿದಿಲ್ಲವೆಂದೇ ಬಹುತೇಕ ಹೇಳಬಹುದು. ನಮೂದನ್ನು ಉಳಿಸುವ ಗುಂಡಿಯನ್ನು ಒತ್ತದಿರುವುದೂ ಇದಕ್ಕೆ ಕಾರಣವಿರಬಹುದು. ಎರಡನೆಯದೂ ಬಂದು ಮೂರನೆಯದು ಮಾತ್ರ ಬಾರದಿದ್ದಾಗ ಹಲವರು ಮತ್ತೆ ಮುಖ್ಯ ರೌಟರನ್ನೇ ಕೆದಕಲು ತೊಡಗುತ್ತಾರೆ. ಮೊದಲು ನೋಡಬೇಕಾದುದು ಮುದ್ರಣಯಂತ್ರವನ್ನು. ಅದಕ್ಕೆ ಕೈಯಾರೆ ವಿಳಾಸ ಕೊಟ್ಟವರು ಗೇಟ್‌ವೇಯ ಸ್ಥಳವನ್ನು ಖಾಲಿ ಬಿಟ್ಟಿರುವುದುಂಟು. ತನ್ನ ಬೀದಿಯೊಳಗೇ ಕೆಲಸ ನಡೆಯುತ್ತಿದ್ದಷ್ಟು ದಿನ ಆ ಕೊರತೆ ಯಾರಿಗೂ ಕಾಣದು. ಬೇರೆ ಬೀದಿಯವರಿಗೆ ಉತ್ತರಿಸಬೇಕಾದ ದಿನ ಅದಕ್ಕೆ ಉತ್ತರವನ್ನು ಯಾರ ಕೈಗೆ ಕೊಡಬೇಕೆಂಬುದೇ ತಿಳಿಯದು. ಯಂತ್ರದ ಪಟ್ಟಿಯಲ್ಲಿ ಗೇಟ್‌ವೇ 0.0.0.0 ಎಂದಿದ್ದರೆ ಅದನ್ನು 192.168.1.1 ಎಂದು ತಿದ್ದಬೇಕು. ವಿಂಡೋಸ್ ಕಂಪ್ಯೂಟರನ್ನು ಮಾತ್ರ ಈ ಪರೀಕ್ಷೆಗೆ ಗುರಿಯಾಗಿಸಬಾರದು; ಅದರ ಫೈರ್‌ವಾಲ್ ಸಾಮಾನ್ಯವಾಗಿ ಬೇರೆ ಉಪಜಾಲದ `ping`ಗೆ ಓಗೊಡದು, ದಾರಿ ಸರಿಯಿದ್ದರೂ ಕೆಟ್ಟಂತೆ ತೋರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದುಂಟು. ಕಚೇರಿಯ ಕಂಪ್ಯೂಟರಿನಿಂದ 192.168.2.30ಕ್ಕೆ `ping` ಬರುತ್ತದೆ, ಆದರೆ ಅದೇ ಕಂಪ್ಯೂಟರಿನ ಪಾಠದ ಪುಟ ತೆರೆಯದು. ಇಲ್ಲಿ ಸಂದೇಶವು ಮುಖ್ಯ ರೌಟರಿನ ಮೂಲಕ ಸುತ್ತಿ ಹೋಗುತ್ತದೆ; ಉತ್ತರವಾದರೋ ಎರಡನೆಯ ರೌಟರಿನಿಂದ ನೇರವಾಗಿ ಕಚೇರಿಯ ಕಂಪ್ಯೂಟರಿಗೆ ಬಂದುಬಿಡುತ್ತದೆ. ಮುಖ್ಯ ರೌಟರ್ ಸಂಭಾಷಣೆಯ ಅರ್ಧವನ್ನಷ್ಟೇ ಕಾಣುತ್ತದೆ. ಕಟ್ಟುನಿಟ್ಟಾದ ಫೈರ್‌ವಾಲ್ ಇರುವ ರೌಟರ್, ಮಧ್ಯದ ಮಾತನ್ನು ಕೇಳದೆ ಮುಂದಿನ ಮಾತನ್ನು ನಂಬಲಾರದೆ, ಆ ಸಂದೇಶಗಳನ್ನು ಎಸೆದುಬಿಡುತ್ತದೆ. ಇದೇ ಕಾರಣವೇ ಎಂದು ತಿಳಿಯಲು ಕಚೇರಿಯ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ, ಆಡಳಿತಾಧಿಕಾರವುಳ್ಳ ಆದೇಶದ ಕಿಟಕಿಯನ್ನು ತೆರೆದು, ಹೀಗೆ ಬರೆಯಬಹುದು:

```
route add 192.168.2.0 mask 255.255.255.0 192.168.1.2
```

ಆಗ ಆ ಕಂಪ್ಯೂಟರು ಮುಖ್ಯ ರೌಟರನ್ನು ಬಳಸದೆ ನೇರವಾಗಿ ಎರಡನೆಯದಕ್ಕೇ ಒಪ್ಪಿಸುತ್ತದೆ. ಪುಟವು ಕೂಡಲೇ ತೆರೆದರೆ ರೋಗವು ಗೊತ್ತಾಯಿತು. ಈ ನಮೂದು ಕಂಪ್ಯೂಟರನ್ನು ಮತ್ತೆ ಆರಂಭಿಸಿದಾಗ ಅಳಿದುಹೋಗುವುದರಿಂದ ಪರೀಕ್ಷೆಗೆ ತಕ್ಕುದಾಗಿದೆ. ಶಾಶ್ವತವಾದ ಪರಿಹಾರವೆಂದರೆ ಈ ಎರಡು ಉಪಜಾಲಗಳ ನಡುವಣ ಸಂಚಾರಕ್ಕೆ ಮುಖ್ಯ ರೌಟರಿನ ಫೈರ್‌ವಾಲಿನಲ್ಲಿ ವಿನಾಯಿತಿ ಕೊಡುವುದು, ಇಲ್ಲವೆ ಎರಡನೆಯ ರೌಟರನ್ನು ಕಚೇರಿಯ ಬೀದಿಯಿಂದ ಬಿಡಿಸಿ ಮುಖ್ಯ ರೌಟರಿನ ಪ್ರತ್ಯೇಕ ಕಿಂಡಿಗೆ, ಬೇರೊಂದು ಚಿಕ್ಕ ಉಪಜಾಲದಲ್ಲಿ ಜೋಡಿಸುವುದು.

ಸ್ಥಿರ ಮಾರ್ಗದಿಂದ ಆಗದ ಕಾರ್ಯಗಳೂ ಇವೆ. ಮುದ್ರಣಯಂತ್ರಗಳನ್ನು ತಾನಾಗಿ ಹುಡುಕುವ ಕಂಪ್ಯೂಟರಿನ ಕೂಗು ತನ್ನ ಬೀದಿಯಾಚೆ ಕೇಳಿಸದು. ಆದುದರಿಂದ ಪ್ರಯೋಗಾಲಯದಲ್ಲಿ ಮುದ್ರಣಯಂತ್ರವನ್ನು 192.168.1.50 ಎಂಬ ವಿಳಾಸ ಬರೆದೇ ಸೇರಿಸಬೇಕು. ಪ್ರಯೋಗಾಲಯಕ್ಕೆ ಮುದ್ರಣ ದೊರೆತು ಇಂಟರ್‌ನೆಟ್ ಮಾತ್ರ ದೊರೆಯದಿದ್ದರೆ, ಮುಖ್ಯ ರೌಟರ್ ತನ್ನ ಬೀದಿಯವರಿಗಷ್ಟೇ ನ್ಯಾಟ್ ಮಾಡುತ್ತಿದೆಯೆಂದು ಊಹಿಸಬೇಕು, 192.168.2.0 ಉಪಜಾಲವನ್ನೂ ಆ ನಿಯಮದಲ್ಲಿ ಸೇರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ದಾರಿಯು ಬೇಕಾದವರನ್ನೂ ಬೇಡದವರನ್ನೂ ಬೇರ್ಪಡಿಸದು. ಅಧ್ಯಾಪಕರು ಮುದ್ರಣಯಂತ್ರವನ್ನು ತಲುಪುವ ಮಾರ್ಗದಲ್ಲಿಯೇ ವಿದ್ಯಾರ್ಥಿಯೊಬ್ಬನು ಅಂಕಪಟ್ಟಿಗಳಿರುವ ಕಂಪ್ಯೂಟರನ್ನೂ ತಲುಪಬಹುದು. ಪ್ರತ್ಯೇಕ ಉಪಜಾಲ ಮಾಡಿದ ಮೂಲ ಉದ್ದೇಶ ಅಲ್ಲಿಗೆ ಕೆಟ್ಟಂತಾಗುತ್ತದೆ. ಆದುದರಿಂದ ಎರಡನೆಯ ರೌಟರಿನ ಫೈರ್‌ವಾಲಿನಲ್ಲಿ ಪ್ರಯೋಗಾಲಯದಿಂದ 192.168.1.50 ಮತ್ತು 192.168.1.1 ಇವೆರಡಕ್ಕೆ ಮಾತ್ರ ಅವಕಾಶ ಕೊಟ್ಟು, ಕಚೇರಿಯ ಉಳಿದ ವಿಳಾಸಗಳಿಗೆ ತಾನಾಗಿ ಆರಂಭಿಸುವ ಸಂಪರ್ಕವನ್ನು ತಡೆಯಬೇಕು. ಕಚೇರಿಯಿಂದ ಆರಂಭವಾದುದಕ್ಕೆ ಉತ್ತರವನ್ನು ಬಿಡಬೇಕು. ಅಂಕಪಟ್ಟಿಯ ಕಂಪ್ಯೂಟರಿನ ವಿಳಾಸಕ್ಕೆ ಪ್ರಯೋಗಾಲಯದಿಂದ ಪ್ರಯತ್ನಿಸಿ, ಅದು ಸೋಲುವುದನ್ನು ಕಣ್ಣಾರೆ ಕಂಡ ಬಳಿಕವೇ ಕೆಲಸ ಮುಗಿಯಿತೆನ್ನಬೇಕು. ಆ ಮೇಲೆ ಐದೂ ವಿಳಾಸಗಳನ್ನೂ ಸ್ಥಿರ ಮಾರ್ಗದ ನಮೂದನ್ನೂ ಒಂದು ಹಾಳೆಯಲ್ಲಿ ಬರೆದು ಮುಖ್ಯ ರೌಟರಿನ ಬಳಿ ಅಂಟಿಸುವುದು ಒಳ್ಳೆಯದು. ರೌಟರನ್ನು ಬದಲಿಸಿದಾಗ ಈ ನಮೂದು ಅದರೊಡನೆಯೇ ಹೋಗುತ್ತದೆ, ಹೊಸಬರಿಗೆ ಅದರ ಸುಳಿವೂ ಉಳಿದಿರದು.