ಹೊಸ ರೌಟರ್ ತಂದರೂ ಗೇಮ್ ಯಾಕೆ ಕೂಡಲಿಲ್ಲ?

ಬೀದರಿನ ಗಾಂಧಿ ಗಂಜದ ನಮ್ಮ ಮನೆಯಿಂದಲೇ ಮಾತಾಡ್ಲಿಕತ್ತೀನಿ. ಇವತ್ತಿನ ಮಾತು ನಾನು ದಂಡ ಕಟ್ಟಿ ಕಲಿತದ್ದು.

ಪ್ರತಿ ಶನಿವಾರ ರಾತ್ರಿ ನಾವು ನಾಲ್ಕು ಜನ ಹಳೇ ಕ್ಲಾಸ್‌ಮೇಟ್‌ಗಳು ಎಕ್ಸ್‌ಬಾಕ್ಸ್‌ನಲ್ಲಿ ಕೂಡ್ತೀವಿ. ಒಬ್ಬ ಪುಣೆ, ಒಬ್ಬ ಹೈದರಾಬಾದ್, ಒಬ್ಬ ಭಾಲ್ಕಿ. ವರ್ಷಕ್ಕೊಮ್ಮೆ ಭೇಟಿಯಾಗೋ ನಮಗೆ ಅದೇ ಕಟ್ಟೆ. ಮನೆಗೆ ಹೊಸ ಫೈಬರ್ ಕನೆಕ್ಷನ್ ಬಂದ ಮೇಲೆ ಸಿನಿಮಾ ಚೆನ್ನಾಗಿ ಓಡ್ತಿತ್ತು, ಗೇಮ್ ಮಾತ್ರ ಆಟಗಾರರನ್ನು ಹುಡುಕ್ತಾನೇ ಇರ್ತಿತ್ತು. ವೈಫೈ ವೀಕ್ ಇರಬೇಕು ಅಂತ ಮೂರು ಸಾವಿರ ಕೊಟ್ಟು ಹೊಸ ರೌಟರ್ ತಂದೆ. ರೋಗ ಇನ್ನೂ ಜಾಸ್ತಿ ಆಯ್ತು.

ಎಕ್ಸ್‌ಬಾಕ್ಸ್‌ನ ಸೆಟ್ಟಿಂಗ್ಸ್ ಒಳಗೆ ಜನರಲ್, ಅಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಲ್ಲಿ Test NAT type ಒತ್ತಿದೆ. Strict ಅಂತ ಬಂತು, ಜೊತೆಗೆ Double NAT detected ಅನ್ನೋ ಸೂಚನೆ. ಪ್ಲೇಸ್ಟೇಷನ್‌ನಲ್ಲಿ ಇದೇ ಸ್ಟ್ರಿಕ್ಟ್ ಅನ್ನು ಟೈಪ್ 3 ಅಂತ ತೋರಿಸ್ತದೆ.

ನ್ಯಾಟ್ ಅಂದ್ರೆ ಏನು? ನಮ್ಮ ಗಂಜದ ಅಡತಿ ಅಂಗಡಿ ನೆನಪಿಸಿಕೊಳ್ರಿ. ಒಳಗೆ ಹತ್ತು ಜನ ಇದ್ರೂ ಹೊರಗೆ ಒಂದೇ ವಿಳಾಸ. ಬಾಗಿಲಲ್ಲಿ ಕೂತ ಮುನೀಮ ಯಾರು ಎಲ್ಲಿಗೆ ಚೀಟಿ ಕಳಿಸಿದ್ರು ಅಂತ ವಹಿಯಲ್ಲಿ ಬರೀತಾನ. ಉತ್ತರ ಬಂದ್ರೆ ವಹಿ ನೋಡಿ ಒಳಗೆ ಬಿಡ್ತಾನ. ಯಾರೂ ಕರೆಯದ ತೊಗರಿ ಚೀಲ ಬಂದ್ರೆ ವಾಪಸ್ ಕಳಿಸ್ತಾನ. ಸಿನಿಮಾ ನೋಡುವಾಗ ನಾವೇ ಕೇಳ್ತೀವಿ, ಉತ್ತರ ಬರ್ತದೆ, ತೊಂದರೆ ಇಲ್ಲ. ಮಲ್ಟಿಪ್ಲೇಯರ್‌ನಲ್ಲಿ ಗೆಳೆಯನ ಕನ್ಸೋಲ್ ತಾನಾಗಿ ನಮ್ಮ ಬಾಗಿಲಿಗೆ ಬರಬೇಕಾಗ್ತದೆ. ಅಲ್ಲೇ ತಡೆ. ಸ್ಟ್ರಿಕ್ಟ್ ಇದ್ದವರು ಓಪನ್ ಇದ್ದವರ ಜೊತೆ ಮಾತ್ರ ಕೂಡಬಹುದು.

ನಮ್ಮ ಮನೆಯಲ್ಲಿ ಇಬ್ಬರು ಮುನೀಮರು ಕೂತಿದ್ರು! ಕಂಪನಿಯ ಫೈಬರ್ ಡಬ್ಬಿ ತಾನೇ ಒಂದು ರೌಟರ್. ಅದರ ಹಿಂದೆ ನಾನು ಇನ್ನೊಂದು ಕೂರಿಸಿದ್ದೆ. ಹೊಸ ರೌಟರ್‌ನ ಪುಟದಲ್ಲಿ WAN IP ನೋಡಿದೆ: 192.168.1.5. ಅಲ್ಲಿ 192.168 ಇಂದ ಶುರುವಾದ ನಂಬರ್ ಕಂಡ್ರೆ ಅದರ ಮುಂದೆ ಇನ್ನೊಂದು ರೌಟರ್ ಇದೆ ಅಂತಲೇ ಅರ್ಥ. ಹೊಸದನ್ನು Access Point ಮೋಡ್‌ಗೆ ಹಾಕಿದೆ. ಈಗ ಅದು ವೈಫೈ ಹಂಚೋ ಕೆಲಸ ಅಷ್ಟೇ ಮಾಡ್ತದೆ, ವಹಿ ಬರೆಯಲ್ಲ. ಡಬಲ್ ನ್ಯಾಟ್ ಸೂಚನೆ ಹೋಯ್ತು.

ಆಮೇಲೆ ಫೈಬರ್ ಡಬ್ಬಿಯಲ್ಲಿ UPnP ಆನ್ ಮಾಡಿದೆ. ಇದು ಆನ್ ಇದ್ರೆ ಕನ್ಸೋಲ್ ತಾನೇ ಮುನೀಮನಿಗೆ ಹೇಳ್ತದೆ, 3074ನೇ ಪೋರ್ಟ್‌ಗೆ ಬಂದದ್ದನ್ನು ನನಗೆ ಕೊಡು ಅಂತ. ಎಕ್ಸ್‌ಬಾಕ್ಸ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಬಂದ್ ಮಾಡಿ ಶುರು ಮಾಡಿದೆ. ಇನ್ನೂ ಸ್ಟ್ರಿಕ್ಟ್!

ಆಗ ಫೈಬರ್ ಡಬ್ಬಿಯದೇ WAN IP ನೋಡಿದೆ. 100.71 ಅಂತ ಶುರು. ಅದೇ ವೈಫೈನಲ್ಲಿ ಮೊಬೈಲ್‌ನಿಂದ ನನ್ನ ಐಪಿ ಯಾವುದು ಅಂತ ಹುಡುಕಿದ್ರೆ ಬೇರೆ ನಂಬರ್. ಎರಡೂ ಒಂದೇ ಇರಬೇಕಿತ್ತು. ಜಗತ್ತಿನಲ್ಲಿ ಹಳೇ ಮಾದರಿಯ ಐಪಿ ವಿಳಾಸ ಸುಮಾರು 430 ಕೋಟಿ ಮಾತ್ರ. ಅವು ಸಾಲದೆ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚ್ತಾವ. ಇದಕ್ಕೆ ಸಿಜಿನ್ಯಾಟ್ ಅಂತಾರ. 100.64 ಇಂದ 100.127ರವರೆಗಿನ ನಂಬರ್‌ಗಳನ್ನು 2012ರಲ್ಲಿ ಇದಕ್ಕೇ ಮೀಸಲಿಟ್ರು. ಅಂದ್ರೆ ಇನ್ನೊಬ್ಬ ಮುನೀಮ ಕಂಪನಿಯ ಆಫೀಸಿನಲ್ಲೇ ಕೂತಿದ್ದ. ಅವನ ವಹಿ ನಮ್ಮ ಕೈಗೆ ಸಿಗಲ್ಲ. ಮನೆಯಲ್ಲಿ ಎಷ್ಟು ಪೋರ್ಟ್ ತೆರೆದ್ರೂ, ಎಷ್ಟು ದುಬಾರಿ ರೌಟರ್ ತಂದ್ರೂ ಅಷ್ಟೇ.

ಕಸ್ಟಮರ್ ಕೇರ್‌ಗೆ ನೆಟ್ ಸ್ಲೋ ಅಂತ ಹೇಳಬ್ಯಾಡ್ರಿ, ರೌಟರ್ ಆಫ್ ಮಾಡಿ ಆನ್ ಮಾಡ್ರಿ ಅಂತಾರ. ನನಗೂ ಎರಡು ಸಲ ಅದೇ ಹೇಳಿದ್ರು. ಮೂರನೇ ಸಲ, "ನಾನು ಸಿಜಿನ್ಯಾಟ್ ಹಿಂದೆ ಇದೀನ್ರಿ, ನನಗೆ ಪಬ್ಲಿಕ್ ಐಪಿ ಬೇಕು" ಅಂದೆ. ತಿಂಗಳಿಗೆ ಸ್ವಲ್ಪ ಹೆಚ್ಚು ದುಡ್ಡು ತಗೊಂಡು ಕೊಟ್ರು. ಡಬ್ಬಿ ರೀಸ್ಟಾರ್ಟ್ ಮಾಡಿದ ಮೇಲೆ ಎರಡೂ ನಂಬರ್ ಒಂದೇ ಆಯ್ತು. ಟೆಸ್ಟ್ ಮಾಡಿದ್ರೆ Open.

ಎಲ್ಲಾ ಕಂಪನಿ ಇದನ್ನು ಕೊಡಲ್ಲ. ಕೊಡದಿದ್ರೆ ನಿಮ್ಮ ಗುಂಪಿನಲ್ಲಿ ಓಪನ್ ಇದ್ದವರಿಗೆ ಗೇಮ್ ಶುರು ಮಾಡಲಿಕ್ಕೆ ಹೇಳ್ರಿ, ನೀವು ಹೋಗಿ ಸೇರಿಕೊಳ್ರಿ. ಮೊಬೈಲ್ ಹಾಟ್‌ಸ್ಪಾಟ್ ನಂಬಬ್ಯಾಡ್ರಿ, ಸಾಮಾನ್ಯವಾಗಿ ಅಲ್ಲೂ ಸಿಜಿನ್ಯಾಟ್ ಇರ್ತದೆ. ಮುಖ್ಯ ಮಾತು, ಅಂಗಡಿಗೆ ಹೋಗೋ ಮೊದಲು ಆ ಎರಡು ನಂಬರ್ ಹೋಲಿಸಿ ನೋಡ್ರಿ. ನಾನು ಮೊದಲೇ ನೋಡಿದ್ರೆ ಮೂರು ಸಾವಿರ ಉಳೀತಿತ್ತು. ಆ ರೌಟರ್ ಈಗ ಮಾಳಿಗೆ ಮೇಲೆ ವೈಫೈ ಹಂಚ್ಲಿಕತ್ತದ. ಬರ್ತೀನ್ರಿ, ಇವತ್ತು ಶನಿವಾರ.