ರಾತ್ರಿ ಪಾಳಿಯಲ್ಲಿ ಸಿಕ್ಕ ಇಂಚಿನ ಪಿನ್ನು

ನಾನು ಸಾಫ್ಟ್‌ವೇರ್ ಬರೆಯೋನು. ಅಪ್ಪ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅವರ ಒಂದು ರಾತ್ರಿ ಪಾಳಿಯ ಕಥೆ ಇದು.

ಅಲ್ಯೂಮಿನಿಯಂ ಬ್ರಾಕೆಟ್ ಒಂದರ ಆರ್ಡರ್ ನಡೀತಿತ್ತು. ಮೊದಲೇ ಎರಡು 8 ಮಿ.ಮೀ. ತೂತು ಇರುವ ಬ್ರಾಕೆಟ್ಟನ್ನು ಫಿಕ್ಸ್‌ಚರಿನ ಎರಡು ಪಿನ್ನಿಗೆ ಕೂರಿಸಿ, ಕ್ಲಾಂಪ್ ಬಿಗಿದು, ಮೂರನೇ ತೂತು ಕೊರೆಯಬೇಕು. ಆ ತೂತು ಮೊದಲನೇ ತೂತಿನಿಂದ 60 ಮಿ.ಮೀ. ದೂರ ಇರಬೇಕು, ಹೆಚ್ಚುಕಡಿಮೆ 0.04 ಮಾತ್ರ. ಹಗಲು ಪಾಳಿಯ ಪೀಸೆಲ್ಲ ಪಾಸು. ರಾತ್ರಿಯವು ಮಾತ್ರ ಒಂದಾದ ಮೇಲೊಂದು ರಿಜೆಕ್ಟು. ಕೆಲವು 0.05 ತಪ್ಪಿದ್ದರೆ ಕೆಲವು 0.07. ಕೊರೆದ ತೂತನ್ನು ಮುಚ್ಚೋಕಾಗಲ್ಲ, ಪೀಸು ಗುಜರಿಗೇ.

ರಾತ್ರಿ ಮಷಿನ್ನಿಗೆ ನಿಂತಿದ್ದವನು ಕಾಂಟ್ರಾಕ್ಟಿನ ಹೊಸ ಹುಡುಗ. "ಬೆಳಿಗ್ಗೆ ಇವನನ್ನ ಕಳಿಸಿಬಿಡ್ತೀನಿ ಸಾರ್, ಕೈ ಸರಿಯಿಲ್ಲ" ಅಂದರಂತೆ ಸೂಪರ್‌ವೈಸರ್. ಹುಡುಗ ತಲೆ ತಗ್ಗಿಸಿದ್ದ.

ಅಪ್ಪ ಅವನ ಪಕ್ಕ ಸುಮ್ಮನೆ ನಿಂತು ನಾಲ್ಕು ಪೀಸು ನೋಡಿದರು. ಹುಡುಗ ಎಡಚ. ಪೀಸನ್ನು ಪಿನ್ನಿಗೆ ಕೂರಿಸಿ, ಎಡಗೈಯಿಂದ ಬಲಕ್ಕೆ ಒತ್ತಿ ಹಿಡಿದು ಕ್ಲಾಂಪ್ ಬಿಗಿಯುತ್ತಿದ್ದ. ಹಗಲಿನವನು ಬಲಗೈಯಿಂದ ಎಡಕ್ಕೆ ಒತ್ತುವುದನ್ನು ಅಪ್ಪ ನೋಡಿದ್ದರು.

"ತಮ್ಮಾ, ಕ್ಲಾಂಪ್ ಬಿಡು. ಪೀಸು ಅಲ್ಲೇ ಇರ್ಲಿ" ಅಂದು ಡಯಲ್ ಗೇಜನ್ನು ಬ್ರಾಕೆಟ್ಟಿನ ಅಂಚಿಗೆ ತಾಗಿಸಿದರು. ಎಡಕ್ಕೆ ತಳ್ಳಿ ಸೊನ್ನೆ ಮಾಡಿದರು. ಬಲಕ್ಕೆ ತಳ್ಳಿದರೆ ಮುಳ್ಳು 0.07ಕ್ಕೆ ಹೋಯ್ತು. ಅಂದರೆ ಪಿನ್ನಿನ ಮೇಲೆ ಪೀಸು ಒಂದು ಕೂದಲೆಳೆಯಷ್ಟು ಆಡುತ್ತಿತ್ತು. ಸರಿಯಾದ ಪಿನ್ನಿದ್ದರೆ 0.03 ಕೂಡ ಆಡಬಾರದು.

ಪೀಸು ತೆಗೆದು ಮೈಕ್ರೋಮೀಟರ್ ಹಿಡಿದರು. ಎರಡನೆಯದು ಡೈಮಂಡ್ ಪಿನ್ನು, 7.99. ಸರಿಯಾಗೇ ಇದೆ. ಮೊದಲನೆಯದು, ದುಂಡಗಿನದು, 7.94. ಸವೆದಿದೆಯಾ ಅಂತ ಮೇಲೆ, ಕೆಳಗೆ, ಸುತ್ತ ಅಳೆದರು. ಎಲ್ಲಾ ಕಡೆ 7.94. ಸವೆದ ಪಿನ್ನು ಹಾಗೆ ಒಂದೇ ಸಮ ಇರಲ್ಲ. ಇದು ಹುಟ್ಟಿನಿಂದಲೇ ಇಷ್ಟು.

ಇಲ್ಲೇ ಅಪ್ಪನ ಹಳೇ ಅಭ್ಯಾಸ ಕೆಲಸಕ್ಕೆ ಬಂತು. ಅರ್ಥವಿಲ್ಲದ ಮಿಲಿಮೀಟರ್ ಅಂಕಿ ಕಂಡರೆ ಅದನ್ನು 25.4ರಿಂದ ಭಾಗಿಸಿ ನೋಡೋದು. 1959ರ ಒಪ್ಪಂದದಿಂದ ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಭಾಗಿಸಿದಾಗ ಚೊಕ್ಕ ಭಿನ್ನರಾಶಿ ಬಂದರೆ ಆ ವಸ್ತು ಇಂಚಿನ ಲೆಕ್ಕದ್ದು. 7.94 ಭಾಗಿಸಿದರೆ 0.3126. ಹದಿನಾರರಲ್ಲಿ ಐದು ಇಂಚು ಅಂದರೆ 0.3125.

ಫಿಕ್ಸ್‌ಚರಿನ ಡ್ರಾಯಿಂಗ್ ತರಿಸಿದರು. ಹಳೇ ಎಕ್ಸ್‌ಪೋರ್ಟ್ ಕೆಲಸದ ಇಂಚಿನ ಡ್ರಾಯಿಂಗನ್ನೇ ತಿದ್ದಿ ಮಾಡಿದ್ದದು. ಎಲ್ಲಾ ಅಳತೆ ಮಿಲಿಮೀಟರಿಗೆ ಬದಲಾಗಿತ್ತು, ಒಂದು ಪಿನ್ನಿನ 5/16 ಮಾತ್ರ ಹಾಗೇ ಉಳಿದಿತ್ತು. ಟೂಲ್ ರೂಮಿನವರು ಬರೆದದ್ದನ್ನೇ ಮಾಡಿದ್ದರು.

ಇನ್ನೊಂದು ಪಿನ್ನು ಸರಿ ಇದ್ದರೂ ಪೀಸು ಹೇಗೆ ಆಡಿತು ಅಂತ ನಾನು ಕೇಳಿದೆ. "ಡೈಮಂಡ್ ಪಿನ್ನಿನ ಎರಡು ಪಕ್ಕ ತೆಗೆದಿರ್ತಾರೆ ಕಣೋ. ಪೀಸು ತಿರುಗದ ಹಾಗೆ ಹಿಡಿಯುತ್ತೆ ಅಷ್ಟೆ. ಎಡಬಲ ಹಿಡಿಯೋದು ದುಂಡು ಪಿನ್ನೇ" ಅಂದರು. ಹಾಗಾದರೆ ಹಗಲು ಯಾಕೆ ಪಾಸು? ಮೊದಲ ಪೀಸಿನಲ್ಲಿ ತಪ್ಪು ಕಂಡಾಗ ಹಗಲಿನ ಸೆಟ್ಟರ್ ಮಷಿನ್ನಿನ ಆಫ್‌ಸೆಟ್ಟನ್ನು 0.03 ಸರಿಸಿದ್ದ. ಎಡಕ್ಕೆ ಒತ್ತುವ ಕೈಗೆ ಅದು ಸರಿಹೋಯ್ತು. ಬಲಕ್ಕೆ ಒತ್ತುವ ಕೈಗೆ ಹೆಚ್ಚುಕಡಿಮೆ 0.07 ತಪ್ಪಾಗಿ ಬಿತ್ತು.

ಬೆಳಿಗ್ಗೆ ಮಾಲು ಹೋಗಬೇಕಿತ್ತು. "ಎಡಕ್ಕೇ ಒತ್ತು ಅಂತ ಹುಡುಗನಿಗೆ ಹೇಳಿ ಸಾರ್, ಮಷಿನ್ ನಿಲ್ಲಿಸಬೇಡಿ" ಅಂತ ಸೂಪರ್‌ವೈಸರ್ ಗೋಗರೆದರು. ಅಪ್ಪ ಒಪ್ಪಲಿಲ್ಲ. ಒತ್ತೋದು ಮರೆತ ಒಂದೇ ಒಂದು ಪೀಸು ಡಬ್ಬಕ್ಕೆ ಸೇರಿದರೂ ಆಮೇಲೆ ಹುಡುಕೋದು ಕಷ್ಟ. ಫಿಕ್ಸ್‌ಚರಿಗೆ ಕೆಂಪು ಚೀಟಿ ಕಟ್ಟಿದರು. ಅವತ್ತು ಅವರ ಕೆಲಸಕ್ಕೂ ಕುತ್ತು ಬರಬಹುದಿತ್ತು.

ಬೆಳಿಗ್ಗೆ ಟೂಲ್ ರೂಮಿನಲ್ಲಿ ಮೆಟ್ಟಿಲು ಪಿನ್ನು ಮಾಡಿದರು. ಕೆಳಗಿನ ಭಾಗ ಪ್ಲೇಟಿನ ಇಂಚಿನ ತೂತಿಗೆ ಬಿಗಿಯಾಗಿ, ಮೇಲಿನದು 7.99. ಆಫ್‌ಸೆಟ್ಟನ್ನು ಹಿಂದಕ್ಕೆ ಹಾಕಿ, ಒಂದು ಪೀಸು ಎಡಕ್ಕೆ ಒತ್ತಿ, ಒಂದು ಬಲಕ್ಕೆ ಒತ್ತಿ ಕೊರೆದು ನೋಡಿದರು. ಎರಡೂ ಪಾಸು. ಮಾಲು ಮಧ್ಯಾಹ್ನ ಹೋಯ್ತು.

ರಿಜೆಕ್ಷನ್ ರಿಜಿಸ್ಟರಿನ ಕಾರಣದ ಕಾಲಮ್ಮಿನಲ್ಲಿ ಸೂಪರ್‌ವೈಸರ್ "ಆಪರೇಟರ್" ಅಂತ ಬರೆದಿದ್ದರು. ಅಪ್ಪ ಅದನ್ನು ಹೊಡೆದುಹಾಕಿ "ಫಿಕ್ಸ್‌ಚರ್, ಪಿನ್ 5/16 ಇಂಚು" ಅಂತ ಬರೆದು ಸಹಿ ಹಾಕಿದರು. ರಾತ್ರಿ ಪಾಳಿಗೆ ಹುಡುಗ ಬಂದಿದ್ದ. ಎಡಗೈಯಲ್ಲೇ ಪೀಸು ಒತ್ತಿ, ಕ್ಲಾಂಪ್ ಬಿಗಿಯುತ್ತಿದ್ದ.