ಇಪ್ಪತ್ತಕ್ಕೆ ಐದು ಸೇರಿದರೆ ಹದಿನೈದು

1834ರ ಆಗಸ್ಟ್ ತಿಂಗಳು. ಸ್ಕಾಟ್‌ಲೆಂಡಿನ ಎಡಿನ್‌ಬರೋ ಹತ್ತಿರ ಯೂನಿಯನ್ ಕಾಲುವೆಯ ದಂಡೆಯ ಮೇಲೆ ಜೋಡಿ ಕುದುರೆಗಳು ಹಗ್ಗ ಕಟ್ಟಿ ದೋಣಿಯೊಂದನ್ನು ವೇಗವಾಗಿ ಎಳೆಯುತ್ತಿದ್ದವು. ಜಾನ್ ಸ್ಕಾಟ್ ರಸೆಲ್ ಎಂಬ 26 ವರ್ಷದ ಎಂಜಿನಿಯರ್ ಅದನ್ನು ಗಮನಿಸುತ್ತಿದ್ದ. ದೋಣಿ ಥಟ್ಟನೆ ನಿಂತಿತು. ಆದರೆ ಅದು ಮುಂದಕ್ಕೆ ತಳ್ಳಿಕೊಂಡು ಬಂದಿದ್ದ ನೀರು ನಿಲ್ಲಲಿಲ್ಲ. ಮೂತಿಯ ಬಳಿ ಒಂದಿಷ್ಟು ಕುದಿದು, ನುಣುಪಾದ ಒಂದೇ ಒಂದು ದಿಬ್ಬವಾಗಿ ಎದ್ದು, ದೋಣಿಯನ್ನು ಹಿಂದೆ ಬಿಟ್ಟು ಹೊರಟಿತು. ರಸೆಲ್ ಕುದುರೆಯೇರಿ ಬೆನ್ನಟ್ಟಿದ. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರದ ಆ ದಿಬ್ಬ ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರ ಕೆಡದೆ ಉರುಳುತ್ತಿತ್ತು. ಎತ್ತರ ಮಾತ್ರ ನಿಧಾನವಾಗಿ ಇಳಿಯುತ್ತ ಬಂತು. ಒಂದೆರಡು ಮೈಲಿ ಕಳೆದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಅವನ ಕಣ್ತಪ್ಪಿಸಿಕೊಂಡಿತು.

ಇದರಲ್ಲಿ ಅಚ್ಚರಿ ಏನೆಂದು ತಿಳಿಯಬೇಕಾದರೆ ಮೊದಲು ಮಾಮೂಲಿ ಅಲೆಯನ್ನು ನೋಡಬೇಕು. ಕೆರೆಗೆ ಒಂದು ಕಲ್ಲು ಹಾಕಿ. ಉಂಗುರ ಒಂದೇ ಏಳುವುದಿಲ್ಲ, ಸಾಲಾಗಿ ಏಳುತ್ತವೆ. ಹರಡುತ್ತ ಹರಡುತ್ತ ಸಣ್ಣವಾಗಿ ಮಾಯವಾಗುತ್ತವೆ. ಎರಡು ಕಲ್ಲು ಹಾಕಿದರೆ ಉಂಗುರಗಳು ಒಂದರೊಳಗೊಂದು ಹಾಯುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ಎರಡರ ಎತ್ತರ ಕೂಡುತ್ತದೆ, ಉಬ್ಬಿಗೆ ತಗ್ಗು ಸೇರಿದ ಕಡೆ ಕಳೆಯುತ್ತದೆ. ದಾಟಿದ ಮೇಲೆ ಎರಡೂ ಏನೂ ಆಗದವರಂತೆ ತಮ್ಮ ದಾರಿ ಹಿಡಿಯುತ್ತವೆ. ಭೌತಶಾಸ್ತ್ರದ ಪಾಠದಲ್ಲಿ ಬರುವ ಸೂಪರ್‌ಪೊಸಿಷನ್ ಇದೇ. ಇಲ್ಲಿ ಅದನ್ನು ಕೂಡುವ ನಿಯಮ ಎನ್ನೋಣ. ಈ ನಿಯಮ ನಡೆಯುವಲ್ಲಿ ಅಲೆಯ ವೇಗಕ್ಕೂ ಎತ್ತರಕ್ಕೂ ಸಂಬಂಧವಿಲ್ಲ. ಎತ್ತರವನ್ನು ಮೂರು ಪಟ್ಟು ಮಾಡಿದರೆ ಅದೇ ಅಲೆ ಮೂರು ಪಟ್ಟು ಎತ್ತರವಾಗಿ ಸಾಗುತ್ತದೆ, ಅಷ್ಟೇ.

ಆಳ ಕಡಿಮೆಯಿರುವ ಕಾಲುವೆಯಲ್ಲಿ ಅಲೆಯ ಎತ್ತರ ಆಳದ ಮುಂದೆ ಕಡೆಗಣಿಸುವಷ್ಟು ಚಿಕ್ಕದಲ್ಲ. ಅಲ್ಲಿ ಎರಡು ಎಳೆತಗಳು ಒಟ್ಟಿಗೆ ಕೆಲಸ ಮಾಡುತ್ತವೆ. ನೀರು ಹೆಚ್ಚು ನಿಂತ ಕಡೆ ಅಲೆ ಬೇಗ ಓಡುತ್ತದೆ, ಆದ್ದರಿಂದ ದಿಬ್ಬದ ನೆತ್ತಿ ಬುಡಕ್ಕಿಂತ ಮುಂದಾಗಲು ನೋಡುತ್ತದೆ. ಮುಂಬದಿ ಕಡಿದಾಗುತ್ತ ಹೋಗುತ್ತದೆ. ಇದೊಂದೇ ಇದ್ದರೆ ಅಲೆ ಮುಗ್ಗರಿಸಿ ಒಡೆಯಬೇಕು. ಇನ್ನೊಂದು ಕಡೆ, ಯಾವ ದಿಬ್ಬವೂ ಉದ್ದ ಮತ್ತು ಗಿಡ್ಡ ಅಲೆಗಳ ಮಿಶ್ರಣ. ಉದ್ದದವು ಬೇಗ, ಗಿಡ್ಡದವು ನಿಧಾನ. ಇದೊಂದೇ ಇದ್ದರೆ ದಿಬ್ಬ ಕೆರೆಯ ಉಂಗುರಗಳಂತೆ ಚದುರಬೇಕು. ಕಡಿದಾಗಿಸುವುದು ಒಂದು, ಚದುರಿಸುವುದು ಇನ್ನೊಂದು. ಒಂದು ನಿರ್ದಿಷ್ಟ ಆಕಾರದಲ್ಲಿ ಮಾತ್ರ ಇವೆರಡೂ ಸರಿಸಮವಾಗುತ್ತವೆ. ರಸೆಲ್ ಬೆನ್ನಟ್ಟಿದ್ದು ಆ ಆಕಾರವನ್ನು.

ಒಂದು ಲೆಕ್ಕ ಹಿಡಿದು ನೋಡೋಣ. ಕಾಲುವೆಯ ಆಳ 1 ಮೀಟರ್ ಇರಲಿ. ರಸೆಲ್ ತನ್ನ ತೊಟ್ಟಿಯ ಪ್ರಯೋಗಗಳಿಂದ ಕಂಡುಕೊಂಡ ಸೂತ್ರ ಸರಳ: ಆಳಕ್ಕೆ ಅಲೆಯ ಎತ್ತರ ಕೂಡಿಸಿ, ಗುರುತ್ವದ 9.8ರಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. 20 ಸೆಂಟಿಮೀಟರ್ ಎತ್ತರದ ಒಂಟಿ ಅಲೆಗೆ ಸೆಕೆಂಡಿಗೆ 3.43 ಮೀಟರ್ ವೇಗ ಬರುತ್ತದೆ, 5 ಸೆಂಟಿಮೀಟರಿನದಕ್ಕೆ 3.21. ಎತ್ತರದ್ದು ವೇಗವಾಗಿರುವುದು ಮಾತ್ರವಲ್ಲ, ಇಕ್ಕಟ್ಟಾಗಿಯೂ ಇರುತ್ತದೆ. ಅರ್ಧ ಎತ್ತರದಲ್ಲಿ ಅಳೆದರೆ ದೊಡ್ಡದರ ಅಗಲ ಸುಮಾರು 4.5 ಮೀಟರ್, ಚಿಕ್ಕದರದು ಸುಮಾರು 9 ಮೀಟರ್.

ಚಿಕ್ಕದನ್ನು ಮುಂದೆ ಬಿಟ್ಟು, 20 ಮೀಟರ್ ಹಿಂದಿನಿಂದ ದೊಡ್ಡದನ್ನು ಬಿಡಿ. ವೇಗದ ಅಂತರ ಸೆಕೆಂಡಿಗೆ ಸುಮಾರು 22 ಸೆಂಟಿಮೀಟರ್ ಮಾತ್ರ. ಹಿಡಿಯಲು ಒಂದೂವರೆ ನಿಮಿಷ ಬೇಕು, ಅಷ್ಟರಲ್ಲಿ ದೊಡ್ಡದು 300 ಮೀಟರ್ ಓಡಿರುತ್ತದೆ. ಇಂಥ ಭೇಟಿ ನೋಡಬೇಕಾದರೆ ಉದ್ದನೆಯ ಕಾಲುವೆಯೇ ಬೇಕು. ಸ್ನಾನದ ತೊಟ್ಟಿಯಲ್ಲಿ ನಾವು ಇದನ್ನು ಎಂದೂ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಹಿಡಿದಾಗ ಏನಾಗುತ್ತದೆ? ಕೂಡುವ ನಿಯಮ ಹೇಳುವುದು 20ಕ್ಕೆ 5 ಸೇರಿ 25 ಎಂದು. ನಿಜಕ್ಕೂ ಎರಡೂ ಪೂರ್ತಿ ಬೆರೆತ ಗಳಿಗೆಯಲ್ಲಿ ಏಳುವ ಒಂಟಿ ದಿಬ್ಬದ ಎತ್ತರ 15 ಸೆಂಟಿಮೀಟರ್. ಮೊತ್ತವಲ್ಲ, ವ್ಯತ್ಯಾಸ! ದೊಡ್ಡ ಅಲೆ ಚಿಕ್ಕದರ ಮೇಲೆ ಹತ್ತುವ ಬದಲು ಕುಗ್ಗುತ್ತದೆ. ಹಾಗಾದರೆ ನೀರು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಆ 15 ಸೆಂಟಿಮೀಟರ್ ದಿಬ್ಬದ ಅಗಲ ಚಿಕ್ಕ ಅಲೆಯಷ್ಟೇ, ಅಂದರೆ ಸುಮಾರು 9 ಮೀಟರ್ ಇರುತ್ತದೆ. ಎರಡೂ ಅಲೆಗಳ ನೀರು ಅದರಲ್ಲಿ ಲೆಕ್ಕಕ್ಕೆ ಸರಿಯಾಗಿ ಹಿಡಿಸುತ್ತದೆ. ನೀರು ಕೂಡುತ್ತದೆ, ಎತ್ತರ ಕೂಡುವುದಿಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಇದು.

ಆಮೇಲೆ ದಿಬ್ಬ ಮತ್ತೆ ಎರಡಾಗುತ್ತದೆ. 20ರದ್ದು ಮುಂದೆ, 5ರದ್ದು ಹಿಂದೆ, ಎರಡೂ ಹಳೆಯ ಆಕಾರದಲ್ಲೇ. ಈಗಷ್ಟೇ ದಂಡೆಗೆ ಬಂದವನು ಇದೂ ಕೆರೆಯ ಉಂಗುರಗಳ ಹಾಗೆಯೇ ಅಂದುಕೊಂಡಾನು. ಅವನ ಕೈಗೆ ಗಡಿಯಾರ ಕೊಡಿ. ದಾರಿಯಲ್ಲಿ ಭೇಟಿಯೇ ಆಗದಿದ್ದರೆ ಎಲ್ಲಿರಬೇಕಿತ್ತೋ ಅದಕ್ಕಿಂತ ದೊಡ್ಡ ಅಲೆ ಸುಮಾರು 2.8 ಮೀಟರ್ ಮುಂದಿರುತ್ತದೆ, ಚಿಕ್ಕದು ಸುಮಾರು 5.7 ಮೀಟರ್ ಹಿಂದೆ ಬಿದ್ದಿರುತ್ತದೆ. ಒಂದು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಗ ಬರುತ್ತದೆ, ಇನ್ನೊಂದು ಒಂದೂಮುಕ್ಕಾಲು ಸೆಕೆಂಡು ತಡವಾಗಿ. ಮುಖದಲ್ಲಿ ಗಾಯದ ಗುರುತಿಲ್ಲ, ಆದರೆ ಭೇಟಿಯಾಗಿದ್ದಕ್ಕೆ ಈ ಸ್ಥಳಾಂತರವೇ ಸಾಕ್ಷಿ. ಕೂಡುವ ನಿಯಮದಲ್ಲಿ ಇಂಥ ಸಾಕ್ಷಿ ಉಳಿಯುವುದೇ ಇಲ್ಲ.

ಎರಡರ ಎತ್ತರ ಹತ್ತಿರ ಹತ್ತಿರವಿದ್ದರೆ ನೋಟ ಬೇರೆ. ಅವು ಒಂದಾಗುವುದೇ ಇಲ್ಲ. ಹಿಂದಿನದು ತಗ್ಗುತ್ತ, ಮುಂದಿನದು ಏರುತ್ತ, ದೂರದಿಂದಲೇ ಪಾತ್ರ ಬದಲಿಸಿಕೊಳ್ಳುತ್ತವೆ. ಎದುರುಬದುರಾಗಿ ಬರುವ ಅಲೆಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅವು ಕ್ಷಣದಲ್ಲಿ ದಾಟಿಬಿಡುವುದರಿಂದ ಎತ್ತರ ಮೊತ್ತಕ್ಕೆ ಹತ್ತಿರವೇ ಬರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿಯೂ ಓದಬಹುದು. 5 ಸೆಂಟಿಮೀಟರಿನ ಒಂಟಿ ಅಲೆಯನ್ನು ಅಗಲ ಬದಲಿಸದೆ ಮೂರು ಪಟ್ಟು ಎತ್ತರಿಸಿ ಬಿಟ್ಟರೆ ಅದು 15ರ ಅಲೆಯಾಗಿ ಓಡುವುದಿಲ್ಲ, 20 ಮತ್ತು 5ರ ಎರಡು ಅಲೆಗಳಾಗಿ ಸೀಳುತ್ತದೆ. ರಸೆಲ್ ತನ್ನ ತೊಟ್ಟಿಯ ಒಂದು ತುದಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಟ್ಟಾಗ ಹೀಗೆ ಅಲೆ ಒಡೆದು, ಎತ್ತರದ್ದು ಮುಂದಾಗುವುದನ್ನು ಕಂಡಿದ್ದ. ದಿಬ್ಬದ ಬದಲು ತಗ್ಗು ಮಾಡಿ ಬಿಟ್ಟರೆ ಅದು ಉಳಿಯುವುದಿಲ್ಲ, ಸಣ್ಣ ಅಲೆಗಳಾಗಿ ಚದುರಿಹೋಗುತ್ತದೆ ಎಂಬುದನ್ನೂ ಗಮನಿಸಿದ್ದ.

ಅವನ ವರದಿ 1844ರಲ್ಲಿ ಬಂತು. ಆದರೆ ರಾಜ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿಯಂಥ ಘಟಾನುಘಟಿಗಳು ಒಪ್ಪಲಿಲ್ಲ. ಅವರ ಸಿದ್ಧಾಂತದಲ್ಲಿ ಕಡಿದಾಗಿಸುವ ಎಳೆತವಿತ್ತು, ಅದನ್ನು ತಡೆಯುವ ಚದುರುವಿಕೆ ಇರಲಿಲ್ಲ. 1870ರ ದಶಕದಲ್ಲಿ ಬೂಸಿನೆಸ್ಕ್ ಮತ್ತು ರೇಲಿ ಎರಡನ್ನೂ ಒಟ್ಟಿಗೆ ಹಿಡಿದರು. 1895ರಲ್ಲಿ ಕೊರ್ಟೆವೆಗ್ ಮತ್ತು ಡಿ ಫ್ರೀಸ್ ಇಂದು ಅವರ ಹೆಸರಿನಲ್ಲೇ ಕರೆಯುವ ಸಮೀಕರಣ ಕೊಟ್ಟರು. ಮೇಲಿನ ಭೇಟಿಯ ಲೆಕ್ಕ ಅದರಿಂದಲೇ ಬರುತ್ತದೆ. ಎತ್ತರ ಆಳಕ್ಕಿಂತ ಸಾಕಷ್ಟು ಕಡಿಮೆಯಿರುವಾಗ ಅದು ನಂಬಿಕಸ್ಥ. ಎತ್ತರ ಆಳದ ಐದರಲ್ಲಿ ನಾಲ್ಕು ಪಾಲಿನ ಹತ್ತಿರ ಬಂದರೆ ಅಲೆ ಒಡೆದೇ ಹೋಗುತ್ತದೆ. ಆ ಸಮೀಕರಣದಲ್ಲಿ ಘರ್ಷಣೆಯೂ ಇಲ್ಲ. ನಿಜವಾದ ಕಾಲುವೆಯ ತಳ ಮತ್ತು ದಂಡೆಗಳು ಅಲೆಯನ್ನು ಸವೆಸುತ್ತವೆ, ಅದು ಕುಗ್ಗಿದಷ್ಟೂ ನಿಧಾನವಾಗಿ ಅಗಲವಾಗುತ್ತ ಹೋಗುತ್ತದೆ. ರಸೆಲ್ ಕಂಡದ್ದೂ ಹಾಗೆಯೇ ಇಳಿಯುತ್ತ ಹೋದ ಎತ್ತರವನ್ನು.

1965ರಲ್ಲಿ ಝಬುಸ್ಕಿ ಮತ್ತು ಕ್ರಸ್ಕಲ್ ಇದೇ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಅಲೆಗಳು ಭೇಟಿಯಾಗಿ, ಜಾಗ ಪಲ್ಲಟವಾಗಿ, ಮತ್ತೆ ಮೊದಲಿನಂತೆ ಹೊರಬರುವುದನ್ನು ಕಂಡರು. ಪ್ರೋಟಾನ್, ಎಲೆಕ್ಟ್ರಾನ್‌ಗಳಂತೆ ಕಣದ ಸ್ವಭಾವ ತೋರಿದ್ದಕ್ಕೆ ಸಾಲಿಟಾನ್ ಎಂದು ಹೆಸರಿಟ್ಟರು.

1995ರ ಜುಲೈ 12ರಂದು ಯೂನಿಯನ್ ಕಾಲುವೆಯಲ್ಲಿ, ರಸೆಲ್‌ನ ಹೆಸರಿನ ಮೇಲ್ಗಾಲುವೆಯ ಮೇಲೆ, ವಿಜ್ಞಾನಿಗಳು ದೋಣಿಯೊಂದನ್ನು ಓಡಿಸಿ ಥಟ್ಟನೆ ನಿಲ್ಲಿಸಿದರು. ನೀರಿನ ದಿಬ್ಬ ಮೂತಿಯಿಂದ ಬಿಡಿಸಿಕೊಂಡು ಮುಂದೆ ಹೊರಟಿತು.